ಫೈಲಿಗೆ ಎಷ್ಟು ಸೇರಬೇಕು?

ಆಪ್ತಸಮಾಲೋಚನೆಗೆ ಬಂದವರು ಮುಕ್ಕಾಲು ಗಂಟೆ ಮನಬಿಚ್ಚಿ ಮಾತಾಡುತ್ತಾರೆ. ಅವರು ಹೋದ ಮೇಲೆ ಫೈಲಿಗೆ ಸೇರುವುದು ಏಳೆಂಟು ಸಾಲಿನ ಪ್ರಗತಿ ದಾಖಲೆ. ಅದನ್ನು ನಾಳೆ ಮನೋವೈದ್ಯರು ಓದಬಹುದು, ಬದಲಿಗೆ ಬಂದ ಸಮಾಲೋಚಕರು ಓದಬಹುದು, ನ್ಯಾಯಾಲಯ ತರಿಸಿಕೊಳ್ಳಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕನ್ನು ಕೊಟ್ಟರೂ ಪ್ರಾಣಾಪಾಯದಂಥ ಕೆಲವು ವಿನಾಯಿತಿಗಳನ್ನು ಇಟ್ಟಿದೆ. ಹಾಗಾಗಿ ಬೇಡದ್ದನ್ನು ಬರೆಯದಿರುವುದೇ ಮೊದಲ ರಕ್ಷಣೆ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಇಪ್ಪತ್ತರ ಕಾಲೇಜು ಹುಡುಗಿಯೊಬ್ಬಳ ಬಗ್ಗೆ ಸಮಾಲೋಚಕಿ ಗೀಚಿಕೊಂಡ ಟಿಪ್ಪಣಿ ಹೀಗಿದೆ: ‘ಮೂರು ವಾರದಿಂದ ರಾತ್ರಿ ಎರಡರವರೆಗೆ ನಿದ್ದೆಯಿಲ್ಲ. ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯುತ್ತಾರೆ. ಚಿಕ್ಕಪ್ಪನ ಹತ್ತಿರ ಸಾಲವಿದೆ. ಸಹಪಾಠಿಯ ಜೊತೆ ಪ್ರೀತಿ ಮುರಿದಿದೆ. ಇದ್ದು ಏನು ಮಾಡಲಿ ಅಂದಳು.’ ಪಕ್ಕದಲ್ಲಿ ಆ ಸಹಪಾಠಿಯ ಹೆಸರೂ ಇದೆ.

ಇದನ್ನು ದಾಖಲೆಯಾಗಿಸಲು ಹಲವರು ಬಳಸುವ ಕ್ರಮ ಡಿಎಪಿ. ಕಂಡು ಕೇಳಿದ ಮಾಹಿತಿ, ಅದರಿಂದ ಮಾಡಿದ ಅಂದಾಜು, ಮುಂದಿನ ಯೋಜನೆ ಎಂಬ ಮೂರು ಭಾಗ ಅದಕ್ಕೆ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದು ಗೊತ್ತಿಲ್ಲದಿದ್ದರೆ ಮುಂದೆ ನೋಡುವವರ ಕೆಲಸ ಕೆಡುತ್ತದೆಯೇ? ಚಿಕ್ಕಪ್ಪನ ಸಾಲ, ಹುಡುಗನ ಹೆಸರು ಇಲ್ಲದಿದ್ದರೆ ಏನೂ ಕೆಡುವುದಿಲ್ಲ. ಮನೆಯಲ್ಲಿ ಹಿಂಸೆಯಿದೆ ಎಂಬುದು ಮಾತ್ರ ಆಕೆಯ ಸುರಕ್ಷತೆಗೆ ಸಂಬಂಧಿಸಿದ್ದು. ವಿವರ ಬಿಟ್ಟು ಅಷ್ಟನ್ನು ಉಳಿಸಬೇಕು.

ಮಾಹಿತಿ: ಮೂರು ವಾರದಿಂದ ನಿದ್ರಾಹೀನತೆ. ಮನೆಯಲ್ಲಿ ಹಿಂಸೆಯ ವಾತಾವರಣ. ತನ್ನ ಮೇಲೆ ಯಾರೂ ಕೈಮಾಡಿಲ್ಲ ಎನ್ನುತ್ತಾರೆ. ಆಪ್ತ ಸಂಬಂಧವೊಂದು ಮುರಿದ ದುಃಖ. ‘ಇದ್ದು ಏನು ಮಾಡಲಿ’ ಎಂದರು. ನೇರವಾಗಿ ಕೇಳಿದಾಗ ಸಾಯುವ ಯೋಚನೆ ಆಗಾಗ ಬರುತ್ತದೆ, ಯೋಜನೆಯಿಲ್ಲ, ಹಿಂದೆ ಪ್ರಯತ್ನಿಸಿಲ್ಲ ಎಂದರು.

ಅಂದಾಜು: ಆತ್ಮಹತ್ಯೆಯ ಯೋಚನೆಯಿದೆ, ತಕ್ಷಣದ ಅಪಾಯ ಸದ್ಯ ಕಾಣುತ್ತಿಲ್ಲ. ಖಿನ್ನತೆಯ ಬಗ್ಗೆ ಮನೋವೈದ್ಯರ ತಪಾಸಣೆ ಅಗತ್ಯ.

ಯೋಜನೆ: ಸುರಕ್ಷತಾ ಯೋಜನೆಯನ್ನು ಜೊತೆಗೂಡಿ ಬರೆಯಲಾಯಿತು. ಟೆಲಿ ಮಾನಸ್ 14416 ಸಂಖ್ಯೆ ಕೊಡಲಾಯಿತು. ಒಪ್ಪಿಗೆ ಪಡೆದು ಮನೋವೈದ್ಯರಿಗೆ ಪತ್ರ. ಮೂರು ದಿನದಲ್ಲಿ ಮತ್ತೆ ಭೇಟಿ.

ಮೊಟಕು ಮಾಡುವ ಕತ್ತರಿ ಇಲ್ಲಿ ಅಪಾಯದ ಸಾಲುಗಳನ್ನು ಮುಟ್ಟಿಲ್ಲ. ಬರೀ ‘ಅಪಾಯವಿಲ್ಲ’ ಎಂದು ಬರೆದಿದ್ದರೆ ಏನು ಕೇಳಿದರು, ಆಕೆ ಏನು ಹೇಳಿದಳು ಎಂಬುದು ಮುಂದಿನವರಿಗೆ ತಿಳಿಯುತ್ತಿರಲಿಲ್ಲ. ‘ಕೌಟುಂಬಿಕ ಸಮಸ್ಯೆ ಚರ್ಚಿಸಲಾಯಿತು, ಮುಂದುವರಿಸುವುದು’ ಎಂಬ ದಾಖಲೆಯೂ ಅಷ್ಟೇ ನಿರುಪಯೋಗಿ. ಅದು ಯಾರ ಫೈಲಿಗೆ ಬೇಕಾದರೂ ಹೊಂದುತ್ತದೆ.

ಇನ್ನೊಂದು ಎಚ್ಚರ: ‘ಹಠಮಾರಿ’, ‘ನಾಟಕ ಮಾಡುತ್ತಾಳೆ’ ಎಂಬಂಥ ಹಣೆಪಟ್ಟಿ ಅಂದಾಜಾಗದು. ಕಂಡದ್ದನ್ನೇ ಬರೆಯಬೇಕು: ‘ಎರಡು ಬಾರಿ ಅತ್ತರು, ತಂದೆಯ ಮಾತು ಬಂದಾಗ ಮೌನವಾದರು.’ ಅದೇ ಕಾಯ್ದೆಯ 25ನೇ ಸೆಕ್ಷನ್ ಚಿಕಿತ್ಸೆ ಪಡೆದವರಿಗೆ ತಮ್ಮ ಮೂಲ ವೈದ್ಯಕೀಯ ದಾಖಲೆಯನ್ನು ಕೇಳಿ ಪಡೆಯುವ ಹಕ್ಕು ಕೊಟ್ಟಿದೆ. ಆ ಹುಡುಗಿ ಎದುರು ಕೂತು ಓದಿದರೂ ತಿದ್ದಬೇಕೆನಿಸದಂತೆ ಪ್ರತಿ ಸಾಲೂ ಇರಬೇಕು.