ಹೆಣ್ಗರುವಿನ ಕಡ್ಡಿ ಗಿಟ್ಟೀತೆ?

ಹಸು ಈದ ರಾತ್ರಿ ಕೊಟ್ಟಿಗೆಯಲ್ಲಿ ಟಾರ್ಚ್ ಹಿಡಿದು ನಿಂತವರು ಕರುವಿನ ಮೂತಿಯ ಲೋಳೆ ಒರೆಸುವ ಮೊದಲೇ ಅದರ ಹಿಂಗಾಲಿನ ಸಂದಿ ನೋಡುತ್ತಾರೆ. ಹೆಣ್ಣಾದರೆ ಮುಖ ಅರಳುತ್ತದೆ. ಗಂಡಾದರೆ ಯಾರೂ ಏನೂ ಹೇಳುವುದಿಲ್ಲ. ಸೀಮೆಹಸುವಿನ ಹೋರಿಗರುವಿಗೆ ಇಂದು ಉಳುವ ಕೆಲಸವೂ ಇಲ್ಲ, ಸಂತೆಯಲ್ಲಿ ಬೆಲೆಯೂ ಇಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಅದನ್ನು ಕೊಳ್ಳುವವರು ಇನ್ನೂ ಕಡಿಮೆಯಾದರು. ಅದು ಕುಡಿಯುವ ಹಾಲು ಡೇರಿಯ ಕ್ಯಾನಿಗೆ ಬೀಳದ ಹಾಲು, ಅಷ್ಟೆ.

ಹಾಗಾಗಿ 'ಹೆಣ್ಗರುವೇ ಹುಟ್ಟುವ ಇಂಜೆಕ್ಷನ್' ಬಂದಿದೆ ಎಂದರೆ ಹೈನುಗಾರರ ಕಿವಿ ನಿಮಿರುವುದು ಸಹಜ. ಅದರ ಬೆನ್ನಿಗೇ ಭ್ರೂಣ ವರ್ಗಾವಣೆಯ ಮಾತೂ ಬರುತ್ತದೆ: ನಿಮ್ಮ ಸಾಧಾರಣ ಹಸುವಿನ ಹೊಟ್ಟೆಯಲ್ಲಿ ಮೂವತ್ತು ಲೀಟರಿನ ಹಸುವಿನ ಕರು. ಎರಡೂ ನಿಜವಾದ ತಂತ್ರಗಳೇ. ಮೂರು, ನಾಲ್ಕು ಹಸು ಕಟ್ಟಿಕೊಂಡ ಮನೆಗೆ ಅವು ಗಿಟ್ಟುತ್ತವೆಯೇ ಎಂಬುದನ್ನು ಮಾತ್ರ ಕಾಗದ, ಪೆನ್ನು ಹಿಡಿದೇ ನೋಡಬೇಕು.

ಬೇರ್ಪಡಿಸುವುದು ಹೇಗೆ

ಕರು ಹೆಣ್ಣೋ ಗಂಡೋ ಎಂಬುದು ಹೋರಿಯ ವೀರ್ಯಾಣುವಿನಿಂದಲೇ ತೀರ್ಮಾನವಾಗುತ್ತದೆ. ಎಕ್ಸ್ ವರ್ಣತಂತು ಹೊತ್ತ ವೀರ್ಯಾಣು ಹೆಣ್ಣನ್ನು ಕೊಡುತ್ತದೆ, ವೈ ಹೊತ್ತದ್ದು ಗಂಡನ್ನು. ಎಕ್ಸ್ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು ಶೇ. 4ರಷ್ಟು ಹೆಚ್ಚು. ಡಿಎನ್‌ಎಗೆ ಅಂಟುವ ಬಣ್ಣ ಹಾಕಿ, ವೀರ್ಯಾಣುಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸಿದರೆ ಎಕ್ಸ್ ತುಸು ಹೆಚ್ಚು ಹೊಳೆಯುತ್ತದೆ. ಆ ಹೊಳಪನ್ನು ಅಳೆದು ಯಂತ್ರ ಅವನ್ನು ಬೇರೆ ಮಾಡುತ್ತದೆ. ವ್ಯತ್ಯಾಸ ಇಷ್ಟು ಸಣ್ಣದಾದ್ದರಿಂದ ಬೇರ್ಪಡಿಕೆ ನೂರಕ್ಕೆ ನೂರು ಆಗುವುದಿಲ್ಲ. ಹುಟ್ಟುವ ಹತ್ತು ಕರುಗಳಲ್ಲಿ ಒಂಬತ್ತು ಹೆಣ್ಣು ಎಂದು ಲೆಕ್ಕ ಹಿಡಿಯಬೇಕು.

ಈ ಓಟದಲ್ಲಿ ವೀರ್ಯಾಣು ಬಳಲುತ್ತದೆ. ಬಣ್ಣ, ಬೆಳಕು, ಒತ್ತಡ ಎಲ್ಲವನ್ನೂ ತಾಳಿಕೊಂಡು ಬಂದದ್ದನ್ನು ಮತ್ತೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸುತ್ತಾರೆ. ಸಂಖ್ಯೆಯೂ ಕಡಿಮೆ. ಮಾಮೂಲಿ ಕಡ್ಡಿಯಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿದ್ದರೆ ಇದರಲ್ಲಿ 20ರಿಂದ 40 ಲಕ್ಷ. ಹೀಗಾಗಿ ಗಬ್ಬ ನಿಲ್ಲುವ ಪ್ರಮಾಣ ಮಾಮೂಲಿ ಕಡ್ಡಿಯ ಮುಕ್ಕಾಲು ಪಾಲಿನಿಂದ ಐದರಲ್ಲಿ ನಾಲ್ಕು ಪಾಲಿನಷ್ಟೇ ಇರುತ್ತದೆ. ಕಡ್ಡಿಯ ಬೆಲೆಗಿಂತ ಈ ಕೊರತೆಯೇ ಹೈನುಗಾರನಿಗೆ ದೊಡ್ಡ ಖರ್ಚು.

ಹೊತ್ತು ನೋಡಿ ಹಾಕಿಸಬೇಕು

ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬುದು ಹಳೆಯ ನಿಯಮ. ಹೆಣ್ಗರುವಿನ ಕಡ್ಡಿಗೆ ಇನ್ನೂ ಕೆಲವು ಗಂಟೆ ತಡೆಯಬೇಕು. ಈ ವೀರ್ಯಾಣು ಗರ್ಭಕೋಶದಲ್ಲಿ ಬಹಳ ಹೊತ್ತು ಬದುಕುವುದಿಲ್ಲ. ಅಂಡ ಬಿಡುಗಡೆಯಾಗುವುದೋ ಬೆದೆ ಶುರುವಾಗಿ ಒಂದು ದಿನ ಕಳೆದ ಮೇಲೆ. ಬೇಗ ಹಾಕಿಸಿದರೆ ಅಂಡ ಬರುವ ಹೊತ್ತಿಗೆ ಕಾಯುವವರೇ ಇರುವುದಿಲ್ಲ. ಬೇರೆ ಹಸು ಮೇಲೆ ಹತ್ತಿದಾಗ ಕದಲದೆ ನಿಂತದ್ದು ಬೆಳಿಗ್ಗೆ 6ಕ್ಕೆ ಎನ್ನಿ. ಆಗ ರಾತ್ರಿ 10ರಿಂದ ಮರುದಿನ ಬೆಳಿಗ್ಗೆ 6ರ ಒಳಗೆ ಹಾಕಿಸುವುದು ಒಳ್ಳೆಯದು. ರಾತ್ರಿ ಹತ್ತಕ್ಕೆ ಯಾರೂ ಬರುವುದಿಲ್ಲವಾದ್ದರಿಂದ ಮರುದಿನ ನಸುಕಿಗೇ ಬರಲು ಹೇಳಿ.

ಕಡ್ಡಿ ಹಾಕುವಾಗ ಎದುರಿಗೆ ನಿಂತು ನೋಡಿ. ಕಂಟೇನರಿನಿಂದ ತೆಗೆದ ಕಡ್ಡಿ ನೇರವಾಗಿ 37 ಡಿಗ್ರಿಯ, ಅಂದರೆ ಕೈಗೆ ಹದವಾಗಿ ಬೆಚ್ಚಗಿರುವ ನೀರಿಗೆ ಇಳಿಯಬೇಕು. ಅಲ್ಲಿ ಅರ್ಧದಿಂದ ಮುಕ್ಕಾಲು ನಿಮಿಷ ಇದ್ದು, ಹೊರತೆಗೆದ ಮೇಲೆ ತೇವ ಪೂರ್ತಿ ಒರೆಸಿ ಬೇಗನೆ ಹಾಕಬೇಕು. ಅಂಗೈಯಲ್ಲಿ ಉಜ್ಜಿಯೋ ಅಂಗಿಯ ಜೇಬಿನಲ್ಲಿಟ್ಟೋ ಕರಗಿಸಿದರೆ ಮೊದಲೇ ಬಳಲಿದ ವೀರ್ಯಾಣು ಅಲ್ಲೇ ಮುಗಿಯಿತು. ಕಡ್ಡಿಯ ಮೇಲೆ ಹೋರಿಯ ಸಂಖ್ಯೆ ಮತ್ತು ವೀರ್ಯ ಕೇಂದ್ರದ ಗುರುತು ಅಚ್ಚಾಗಿರುತ್ತವೆ. ಖಾಲಿ ಕಡ್ಡಿಯನ್ನು ಕೇಳಿ ಪಡೆದು, ತಾರೀಕು ಬರೆದಿಟ್ಟುಕೊಳ್ಳಿ. ಮುಂದೆ ಯಾವ ಹೋರಿಯ ಮಗಳು ಎಂದು ಹೇಳಲು ಅದೊಂದೇ ಪುರಾವೆ.

ಲೆಕ್ಕಕ್ಕೆ ಇಳಿಯೋಣ

ಒಂದು ಕಾಲಕ್ಕೆ ಸಾವಿರದ ಆಸುಪಾಸಿನಲ್ಲಿದ್ದ ಈ ಕಡ್ಡಿ ಈಗ ಕೆಲವು ನೂರಕ್ಕೆ ಇಳಿದಿದೆ. 2024ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ವಾಶಿಮ್‌ನಲ್ಲಿ ದೇಶೀಯ ಬೇರ್ಪಡಿಕೆ ತಂತ್ರಜ್ಞಾನವನ್ನು ಬಿಡುಗಡೆ ಮಾಡಿದ್ದೂ ಬೆಲೆ ಇಳಿಸಲೆಂದೇ. ರಾಷ್ಟ್ರೀಯ ಗೋಕುಲ್ ಮಿಷನ್ ಅಡಿಯಲ್ಲಿ ಕಡ್ಡಿಯ ಬೆಲೆಯ ಅರ್ಧದವರೆಗೆ ಸಹಾಯಧನದ ಅವಕಾಶವೂ ಇದೆ. ಸಹಾಯಧನ ಬಿಟ್ಟೇ ಲೆಕ್ಕ ಹಾಕೋಣ. ಮನೆಗೆ ಬಂದು ಹಾಕುವ ಕೂಲಿಯೂ ಸೇರಿ ಮಾಮೂಲಿ ಕಡ್ಡಿಗೆ 150 ರೂಪಾಯಿ, ಹೆಣ್ಗರುವಿನ ಕಡ್ಡಿಗೆ 400 ಎನ್ನೋಣ. ನಿಮ್ಮೂರಿನ ದರ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ.

ಕರೆಯುವ ಹಸುಗಳಲ್ಲಿ ಮಾಮೂಲಿ ಕಡ್ಡಿಗೆ ನೂರಕ್ಕೆ 40 ಗಬ್ಬ ನಿಂತರೆ, ಹೆಣ್ಗರುವಿನ ಕಡ್ಡಿಗೆ 32 ನಿಲ್ಲುತ್ತವೆ. ಒಂದು ಗಬ್ಬಕ್ಕೆ ಮೊದಲನೆಯದು ಸರಾಸರಿ ಎರಡೂವರೆ ಕಡ್ಡಿ ತಿಂದರೆ ಎರಡನೆಯದು ಮೂರನ್ನೂ ಮೀರುತ್ತದೆ. ಹಣದಲ್ಲಿ ಅದು 375 ಮತ್ತು 1,250 ರೂಪಾಯಿ. ಇದರ ಜೊತೆಗೆ, ನಿಲ್ಲದ ಪ್ರತಿ ಸಲಕ್ಕೂ 21 ದಿನ ಕಾಯಬೇಕು. ಹಾಗೆ ಕಾಯುವುದು ಸರಾಸರಿ 13 ದಿನ ಹೆಚ್ಚಾಗುತ್ತದೆ. ಗಬ್ಬವಿಲ್ಲದ ದಿನವೊಂದಕ್ಕೆ 100 ರೂಪಾಯಿ ನಷ್ಟ ಎಂದರೂ ಇನ್ನೊಂದು 1,300 ಸೇರುತ್ತದೆ. ಎಲ್ಲ ಕೂಡಿಸಿದರೆ ಒಂದು ಗಬ್ಬಕ್ಕೆ ಸುಮಾರು 2,200 ಹೆಚ್ಚುವರಿ.

ಹತ್ತು ಗಬ್ಬಕ್ಕೆ ಅದು 22 ಸಾವಿರ. ಅದರಿಂದ ಸಿಕ್ಕಿದ್ದು ಐದು ಹೆಣ್ಗರುವಿನ ಬದಲು ಒಂಬತ್ತು. ಅಂದರೆ ಹೆಚ್ಚಿಗೆ ಬಂದ ಪ್ರತಿ ಹೆಣ್ಗರುವಿಗೆ ಸುಮಾರು 5,500 ರೂಪಾಯಿ ಬಿತ್ತು.

ಇದೇ ಲೆಕ್ಕವನ್ನು ಕಡಸುಗಳಿಗೆ ಮಾಡಿ ನೋಡಿ. ಹಾಲು ಕರೆಯುವ ಒತ್ತಡವಿಲ್ಲದ, ಮೈತುಂಬಿದ ಕಡಸು ಚೆನ್ನಾಗಿ ಗಬ್ಬ ಕಟ್ಟುತ್ತದೆ. ಮಾಮೂಲಿ ಕಡ್ಡಿಗೆ ನೂರಕ್ಕೆ 56, ಇದಕ್ಕೆ 45 ಎಂದುಕೊಳ್ಳಿ. ತಡವಾಗುವುದು 9 ದಿನ, ದಿನದ ಖರ್ಚು ಮೇವಿನ 60 ರೂಪಾಯಿ ಮಾತ್ರ. ಆಗ ಹೆಚ್ಚಿಗೆ ಬಂದ ಹೆಣ್ಗರುವಿಗೆ ಬೀಳುವುದು 3,000 ರೂಪಾಯಿಯ ಒಳಗೆ. ಇನ್ನೊಂದು ಲಾಭವೂ ಇದೆ. ಹೆಣ್ಗರು ಹೋರಿಗರುವಿಗಿಂತ ತುಸು ಸಣ್ಣದು. ಚೊಚ್ಚಲ ಈಯುವ ಕಡಸಿಗೆ ಕರು ಸಿಕ್ಕಿಕೊಳ್ಳುವ ಕಷ್ಟ ಕಡಿಮೆ.

ಮೂರು ಸಲ ಹಾಕಿಸಿಯೂ ನಿಲ್ಲದ ಹಸು ಆಗಲೇ ಎರಡು ತಿಂಗಳು ಕಳೆದಿರುತ್ತದೆ. ಮೇಲಿನ ಪ್ರಮಾಣದಲ್ಲಿ ಹೆಣ್ಗರುವಿನ ಕಡ್ಡಿ ಹಾಕಿಸಿದ ನೂರು ಹಸುಗಳಲ್ಲಿ 31 ಈ ಪಟ್ಟಿಗೆ ಸೇರುತ್ತವೆ, ಮಾಮೂಲಿ ಕಡ್ಡಿಯಲ್ಲಿ 22. ಆದ್ದರಿಂದ ಎರಡು ಸಲ ನಿಲ್ಲದಿದ್ದರೆ ಮೂರನೆಯದಕ್ಕೆ ಮಾಮೂಲಿ ಕಡ್ಡಿಗೆ ಮರಳುವುದೇ ಜಾಣತನ. ಕಸ ಬೀಳದೆ ನರಳಿದ, ಬೆದೆಯ ಲೋಳೆ ಗಾಜಿನಂತೆ ತಿಳಿಯಾಗಿರದೆ ಕೀವು ಬೆರೆತಂತಿರುವ, ಈದ ಮೇಲೆ ಬಡಕಲಾದ ಹಸುವಿಗೆ ಇದನ್ನು ಮೊದಲ ಸಲವೂ ಹಾಕಿಸಬಾರದು.

ಎಷ್ಟು ಹೆಣ್ಗರು ಬೇಕು?

ಕರು ಹುಟ್ಟಿದ ಕೂಡಲೇ ಲಾಭ ಬರುವುದಿಲ್ಲ. 27 ತಿಂಗಳಿಗೆ ಮೊದಲ ಸಲ ಈಯುತ್ತದೆ ಎಂದರೂ ದಿನಕ್ಕೆ 60 ರೂಪಾಯಿಯಂತೆ ಸುಮಾರು 50 ಸಾವಿರ ಅದರ ಹೊಟ್ಟೆಗೆ ಹೋಗಿರುತ್ತದೆ. ಅಂಥದ್ದೇ ತುಂಬು ಗಬ್ಬದ ಕಡಸನ್ನು ಸಂತೆಯಲ್ಲಿ 70 ಸಾವಿರಕ್ಕೆ ಕೊಳ್ಳಬೇಕಾದರೆ ಮನೆಯಲ್ಲಿ ಸಾಕಿದ್ದಕ್ಕೆ ಉಳಿದದ್ದು 20 ಸಾವಿರ. ಅದರಲ್ಲಿ ಕಡ್ಡಿಯ ಹೆಚ್ಚುವರಿ ಖರ್ಚು ಕಳೆದರೂ ಲಾಭವೇ. ಆದರೆ ಮೇವು ಸ್ವಂತದ್ದಾಗಿದ್ದು, ಕರು ಭೇದಿಯಿಂದಲೋ ಉಣ್ಣೆ ಜ್ವರದಿಂದಲೋ ಸಾಯದಿದ್ದರೆ ಮಾತ್ರ. 27 ತಿಂಗಳು 36ಕ್ಕೆ ಎಳೆದರೆ ಮೇವಿನ ಖರ್ಚೇ 65 ಸಾವಿರ ದಾಟಿ ಉಳಿತಾಯ ಕರಗಿಹೋಗುತ್ತದೆ.

ನಾಲ್ಕು ಹಸುವಿನ ಮನೆಗೆ ಹಳೆಯದನ್ನು ಬದಲಿಸಲು ವರ್ಷಕ್ಕೊಂದು ಕಡಸು ಸಾಕು. ಎಲ್ಲಕ್ಕೂ ಹೆಣ್ಗರುವಿನ ಕಡ್ಡಿ ಹಾಕಿಸಿದರೆ ಮೂರು ವರ್ಷದಲ್ಲಿ ಕೊಟ್ಟಿಗೆಯ ತುಂಬ ಮೇಯುವ ಬಾಯಿಗಳು, ಕರೆಯುವ ಕೆಚ್ಚಲು ನಾಲ್ಕೇ. ಇದ್ದುದರಲ್ಲಿ ಒಳ್ಳೆಯ ಹಸುವಿಗೂ ಅದರ ಮಗಳಾದ ಕಡಸಿಗೂ ಹಾಕಿಸಿ. ಉಳಿದವಕ್ಕೆ ಮಾಮೂಲಿ ಕಡ್ಡಿಯೇ ಸಾಕು.

ಬಾಡಿಗೆ ಬಸಿರಿನ ಲೆಕ್ಕ

ಭ್ರೂಣ ವರ್ಗಾವಣೆಯಲ್ಲಿ ತಾಯಿಯೂ ಹೊರಗಿನದೇ. ಹೆಚ್ಚು ಹಾಲಿನ ಹಸುವಿನ ಅಂಡಾಶಯದಿಂದ ಸೂಜಿಯಲ್ಲಿ ಅಂಡ ತೆಗೆದು, ಒಂದು ದಿನ ಮಾಗಿಸಿ, ಹೆಣ್ಗರುವಿನ ವೀರ್ಯದೊಡನೆ ಕೂಡಿಸಿ, ಏಳು ದಿನ ಪ್ರಯೋಗಾಲಯದಲ್ಲಿ ಬೆಳೆಸುತ್ತಾರೆ. ನಿಮ್ಮ ಹಸು ಬೆದೆಗೆ ಬಂದ ಏಳನೆಯ ದಿನ ಆ ಭ್ರೂಣವನ್ನು ಅದರ ಗರ್ಭಕೋಶಕ್ಕೆ ಇಳಿಸಬೇಕು. ಒಂದು ದಿನಕ್ಕಿಂತ ಹೆಚ್ಚು ಹಿಂದೆ ಮುಂದಾದರೆ ಹೊಂದಿಕೊಳ್ಳುವುದು ಕಷ್ಟ. ಅಂಡಾಶಯದಲ್ಲಿ ಗಬ್ಬ ಕಾಯುವ ಹಳದಿ ಗಂಟು ಸರಿಯಾಗಿ ಮೂಡಿರದಿದ್ದರೆ ಆ ಹಸುವನ್ನು ಬಿಟ್ಟೇಬಿಡುತ್ತಾರೆ. ಎಲ್ಲ ಸರಿಯಿದ್ದರೂ ಮೂರಕ್ಕೊಂದು ನಿಂತರೆ ಒಳ್ಳೆಯ ಫಲವೇ. ಒಂದು ಗಬ್ಬ ನಿಲ್ಲುವ ಹೊತ್ತಿಗೆ 20 ಸಾವಿರದ ಆಸುಪಾಸು ಖರ್ಚು ಎನ್ನೋಣ. ನಿಂತ ಗಬ್ಬಕ್ಕೆ ಗೋಕುಲ್ ಮಿಷನ್ನಿನ 5,000 ಸಹಾಯಧನ ಸಿಕ್ಕರೂ 15 ಸಾವಿರ ಉಳಿಯುತ್ತದೆ.

ಅದಕ್ಕೆ ಬದಲಾಗಿ ಬರುವುದೆಷ್ಟು? ನಿಮ್ಮ ಹಸು 12 ಲೀಟರ್, ಅಂಡ ಕೊಟ್ಟ ಹಸು 25 ಲೀಟರ್ ಎನ್ನಿ. ವ್ಯತ್ಯಾಸ 13 ಲೀಟರ್. ಅದೆಲ್ಲ ರಕ್ತದಲ್ಲಿ ಬಂದದ್ದಲ್ಲ. ಬಹುಪಾಲು ಮೇವು, ನೀರು, ಆರೈಕೆಯದು. ಹಾಲಿನ ಇಳುವರಿಯಲ್ಲಿ ವಂಶದ ಪಾಲು ಸುಮಾರು ಶೇ. 30, ಅಂದರೆ 4 ಲೀಟರ್. ತಾಯಿಯಿಂದ ಕರುವಿಗೆ ಇಳಿಯುವುದು ಅದರ ಅರ್ಧ. ದಿನಕ್ಕೆ ಎರಡು ಲೀಟರ್! 300 ದಿನಕ್ಕೆ 600 ಲೀಟರ್, ಮೇವು ಕಳೆದು ಲೀಟರಿಗೆ 15 ರೂಪಾಯಿ ಉಳಿದರೆ ಒಂದು ಸೂಲಿಗೆ 9,000. ಅದೂ ಇಂದಿನಿಂದ ಮೂರು ವರ್ಷದ ನಂತರ. ಹಾಕಿದ ಹಣ ಹೊರಡಲು ಎರಡು ಸೂಲು ಬೇಕು. ಅಷ್ಟರಲ್ಲಿ ಕರು ಸತ್ತರೆ ಅಥವಾ ಕೆಚ್ಚಲು ಬಾವು ಬಂದರೆ ಎಲ್ಲ ಮುಗಿಯಿತು.

ತಂದೆಯ ಕಡೆಯ ಅರ್ಧವೋ, ಒಳ್ಳೆಯ ಹೋರಿಯ ಕಡ್ಡಿಯಿಂದ ಕೆಲವು ನೂರು ರೂಪಾಯಿಗೇ ಸಿಗುತ್ತದೆ. ತಾಯಿಯ ಕಡೆಯ ಎರಡು ಲೀಟರಿಗೆ 15 ಸಾವಿರ ತೆರುವುದು ತಳಿ ಮಾರುವವರಿಗೆ ಗಿಟ್ಟಬಹುದು, ಹಾಲು ಮಾರುವವರಿಗಲ್ಲ. ಗೀರ್, ಸಾಹಿವಾಲ್‌ನಂಥ ತಳಿಯ ಕಡಸು ಮಾರುವ ಗಿರಾಕಿ ಖಚಿತವಿದ್ದರೆ, ಅಥವಾ ಗಬ್ಬ ನಿಂತ ಮೇಲಷ್ಟೇ ಹಣ ಎಂಬ ಕರಾರು ಬರಹದಲ್ಲಿದ್ದರೆ ಯೋಚಿಸಬಹುದು. ಪ್ರತಿ ಪ್ರಯತ್ನಕ್ಕೂ ಹಣ ಕೇಳಿದರೆ ಕೈಮುಗಿದು ಕಳಿಸಿ.

ಒಟ್ಟು ತೀರ್ಪು ಇಷ್ಟೆ: ಹೆಣ್ಗರುವಿನ ಕಡ್ಡಿ ಕಡಸಿಗೂ ಒಳ್ಳೆಯ ಹಸುವಿಗೂ, ಎರಡೇ ಸಲ. ಭ್ರೂಣ ಸಣ್ಣ ಹೈನುಗಾರನಿಗೆ ಸದ್ಯಕ್ಕೆ ಬೇಡ. ಆ 15 ಸಾವಿರವನ್ನು ಹುಟ್ಟಿದ ಹೆಣ್ಗರುವಿನ ಮೊದಲ ಆರು ತಿಂಗಳ ಹಾಲಿಗೂ ಹಿಂಡಿಗೂ ಜಂತಿನ ಔಷಧಿಗೂ ಹಾಕಿ. 36 ತಿಂಗಳಿಗೆ ಈಯಬೇಕಾದ ಕಡಸು 27ಕ್ಕೆ ಈದರೆ ಉಳಿಯುವ ಒಂಬತ್ತು ತಿಂಗಳ ಮೇವಿನಲ್ಲೇ ಆ ಹಣ ಮರಳಿ ಬಂದಿರುತ್ತದೆ.