ಮೆಟ್ಟಿಲಿಗೂ ಒಂದು ದರವೇ?

ತಿಪಟೂರಿನ ಕೊಬ್ಬರಿ ಮಂಡಿಗೆ ಹೋಗಿಬಂದವರಿಗೆ 'ಹಮಾಲಿ' ಎಂಬ ಮಾತು ಹೊಸದಲ್ಲ. ಹೊತ್ತವನಿಗೆ ಕೂಲಿ ಸಲ್ಲತಕ್ಕದ್ದೇ. ಆದರೆ ಚೀಟಿಯಲ್ಲಿ ಬರೆದ ಹಮಾಲಿ ಒಂದು, ಬಾಗಿಲಲ್ಲಿ ನಿಂತು ಬಾಯಿಮಾತಿನಲ್ಲಿ ಕೇಳುವ ಹಮಾಲಿ ಇನ್ನೊಂದು. ಆನ್‌ಲೈನಿನಲ್ಲಿ ಕೊಂಡ ಸಾಮಾನು ಮನೆಗೆ ಬಂದಾಗ ಈ ಭೇದವನ್ನು ನೆನಪಿಡಬೇಕು.

2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ಸಾಮಾನಿನ ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ ತೋರಿಸಬೇಕು. ತಲಪಿಸುವ ಖರ್ಚು, ನಿರ್ವಹಣೆಯ ಖರ್ಚು, ಸಾಗಣೆಯ ಖರ್ಚು, ತೆರಿಗೆ ಇವುಗಳ ವಿವರವನ್ನೂ ಕೊಡಬೇಕು. ಆದುದರಿಂದ ಮೆಟ್ಟಿಲ ಹಣ ಸಲ್ಲಬೇಕಾದುದೇ ಆಗಿದ್ದರೆ, ಅದು ಹಣ ಕಟ್ಟುವ ಮೊದಲೇ ಕಾಣಿಸಬೇಕಾಗಿತ್ತು. ಬೀರು, ಬಟ್ಟೆ ಒಗೆಯುವ ಯಂತ್ರದಂತಹ ಭಾರದ ಸಾಮಾನುಗಳಿಗೆ ಕೆಲವು ಮಾರಾಟಗಾರರು 'ನೆಲಮಹಡಿಯವರೆಗೆ ಮಾತ್ರ' ಎಂಬ ಷರತ್ತನ್ನು ಮೊದಲೇ ಹಾಕಿರುತ್ತಾರೆ. ಅಂತಹ ಷರತ್ತಿದ್ದರೆ ದೂರಿಗೆ ಆಧಾರ ಉಳಿಯುವುದಿಲ್ಲ. ಜಗಳಕ್ಕೆ ಮುಂಚೆ ಬಿಲ್ಲನ್ನೂ ಷರತ್ತನ್ನೂ ಓದುವುದು ಲೇಸು.

ತಿಪಟೂರಿನಲ್ಲಿ ಎರಡನೆಯ ಮಹಡಿಯಲ್ಲಿರುವ ಕುಟುಂಬವೊಂದು ಹಿಟ್ಟು ರುಬ್ಬುವ ಗ್ರೈಂಡರನ್ನು ತರಿಸಿತೆಂದು ಭಾವಿಸಬಹುದು. ಸಾಮಾನಿಗೆ 6,200 ರೂಪಾಯಿ, ತಲಪಿಸಲು 80 ರೂಪಾಯಿ, ಒಟ್ಟು 6,280 ರೂಪಾಯಿ ಮುಂಚೆಯೇ ಸಂದಾಯವಾಗಿದೆ. ತಂದವನು ಕೆಳಗಿನಿಂದಲೇ ಹೇಳುತ್ತಾನೆ: "ಅಕ್ಕಾ, ಎರಡು ಮಹಡಿ ಹತ್ತಬೇಕು, ನೂರೈವತ್ತು ಕೊಡಿ."

ಇಲ್ಲಿ ಮನೆಯಾಕೆ ಕೋಪದಿಂದ "ಹಾಗಾದರೆ ಬೇಡ, ತೆಗೆದುಕೊಂಡು ಹೋಗು" ಎಂದರೆ ಅಲ್ಲಿಗೆ ಆಟ ಮುಗಿಯಿತು. ಪೆಟ್ಟಿಗೆಯ ಗತಿ ನಿರ್ಧಾರವಾಗುವುದು ತಂದವನು ತನ್ನ ಫೋನಿನಲ್ಲಿ ಒತ್ತುವ ಒಂದು ಗುರುತಿನಿಂದ. 'ಮನೆಯಲ್ಲಿ ಯಾರೂ ಇಲ್ಲ' ಎಂದು ಒತ್ತಿದರೆ ಸಾಮಾನ್ಯವಾಗಿ ಇನ್ನೊಮ್ಮೆ ತರುತ್ತಾರೆ. 'ಗ್ರಾಹಕರು ನಿರಾಕರಿಸಿದರು' ಎಂದು ಒತ್ತಿದರೆ ಪೆಟ್ಟಿಗೆ ಮಾರಾಟಗಾರನ ಕಡೆಗೆ ಮರುಪಯಣ ಹೊರಡುತ್ತದೆ. 'ಬೇಡ' ಎಂಬ ಮಾತು ಬಾಯಿಂದ ಬರಲೇಬಾರದು.

ಅದರ ಬದಲು ಆಕೆ ಹೀಗೆನ್ನಬಹುದು: "ನೋಡಪ್ಪಾ, ಪೆಟ್ಟಿಗೆ ನಮಗೆ ಬೇಕು. ಬಿಲ್ಲಿನಲ್ಲಿ ಮೆಟ್ಟಿಲ ದುಡ್ಡು ಇಲ್ಲ. ಹೊರಲಾಗದಿದ್ದರೆ ಕೆಳಬಾಗಿಲಲ್ಲೇ ಇಳಿಸು, ನಾವೇ ಬಂದು ತೆಗೆದುಕೊಳ್ಳುತ್ತೇವೆ." ಹಲವು ವೇಳೆ ಮಾತು ಇಷ್ಟಕ್ಕೇ ಮುಗಿಯುತ್ತದೆ. ಫೋನಿಗೆ ಬಂದ ಓಟಿಪಿಯನ್ನು ಮಾತ್ರ ಪೆಟ್ಟಿಗೆ ಕೈಗೆ ಬಂದಮೇಲೆಯೇ ಹೇಳಬೇಕು. ಅಂಕಿಗಳನ್ನು ಮೊದಲೇ ಕೊಟ್ಟರೆ ಕಾಗದದ ಮೇಲೆ ಸಾಮಾನು ತಲಪಿದಂತೆಯೇ. ಆಮೇಲೆ ಕೈಯಲ್ಲಿ ಹಿಡಿತವಿರುವುದಿಲ್ಲ.

ಸಾಮಾನು ತುರ್ತಾಗಿ ಬೇಕಿದ್ದು, ಬೇರೆ ದಾರಿ ತೋರದೆ ಹಣ ಕೊಡಬೇಕಾಗಿ ಬಂದರೆ, ನಗದಾಗಿ ಕೊಡದೆ ಯುಪಿಐ ಮೂಲಕ ಕೊಟ್ಟು 'ಮೆಟ್ಟಿಲ ಹಣ' ಎಂದು ಟಿಪ್ಪಣಿ ಬರೆಯುವುದು ಒಳ್ಳೆಯದು. ನಗದಿಗೆ ಸಾಕ್ಷಿಯಿಲ್ಲ, ಇದಕ್ಕೆ ದಿನ, ಗಂಟೆ, ಮೊತ್ತ ಎಲ್ಲಕ್ಕೂ ಸಾಕ್ಷಿಯಿದೆ. ದೂರು ಕೊಡುವುದು ಪೆಟ್ಟಿಗೆ ಒಳಗೆ ಬಂದಮೇಲೆ. ಬಾಗಿಲಲ್ಲೇ ಬೆದರಿಸಿದರೆ ಪೆಟ್ಟಿಗೆ ಗಾಡಿಗೆ ಮರಳೀತು.

ಕೊಡದೆಯೇ ಹೊರಟುಹೋದರೆ ತಡಮಾಡಬಾರದು. ಅದೇ ದಿನ ಆರ್ಡರಿನ ಪುಟದ ಮೂಲಕ, "ನಾವು ಸಾಮಾನನ್ನು ನಿರಾಕರಿಸಿಲ್ಲ, ಬಿಲ್ಲಿನಲ್ಲಿಲ್ಲದ 150 ರೂಪಾಯಿ ಕೇಳಿ ಕೊಡದೆ ಹೋಗಿದ್ದಾರೆ, ಮತ್ತೆ ಕಳುಹಿಸಿ" ಎಂದು ಬರೆದು ದೂರಿನ ಸಂಖ್ಯೆ ಪಡೆಯಬೇಕು. ಪೆಟ್ಟಿಗೆ ಊರಿನ ಗೋದಾಮಿನಲ್ಲಿರುವಾಗಲೇ ಈ ಮಾತು ಮುಟ್ಟಿದರೆ ಮರಳಿ ಬರುವ ಸಂಭವ ಹೆಚ್ಚು. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳವರಿಗೂ ಕ್ರಮ ಇದೇ: ಆರ್ಡರ್ ಒಪ್ಪಿಕೊಂಡಾಗ ತೋಟದ ವಿಳಾಸವನ್ನೂ ಒಪ್ಪಿಕೊಂಡಂತಾಯಿತು.

ಉತ್ತರ ತೃಪ್ತಿಕರವಾಗದಿದ್ದರೆ ಅದೇ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅವರು 48 ಗಂಟೆಗಳೊಳಗೆ ದೂರು ಬಂದುದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ನಿಯಮವಿದೆ. ಆಮೇಲಿನ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 1915ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ಸಹಾಯವಾಣಿ ಸಂಸ್ಥೆಗೆ ದೂರನ್ನು ಮುಟ್ಟಿಸಿ ರಾಜಿಗೆ ಯತ್ನಿಸುತ್ತದೆಯೇ ಹೊರತು ತೀರ್ಪು ಕೊಡಲಾರದು. ತೀರ್ಪು ಬೇಕಾದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯಿದೆಯಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು; ಅವಧಿ ಎರಡು ವರ್ಷ; ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ.

ನೂರೈವತ್ತಕ್ಕಾಗಿ ತುಮಕೂರಿನವರೆಗೆ ಹೋಗುವವರು ವಿರಳ. ಹೆಚ್ಚಿನ ದೂರುಗಳು ಮೊದಲೆರಡು ಹಂತಗಳಲ್ಲೇ ತೀರಬೇಕು. ಅದಕ್ಕೆ ಬೇಕಾದುದು ಬಿಲ್ಲು, ಕರೆ ಬಂದ ವೇಳೆ ಮತ್ತು ದೂರಿನ ಸಂಖ್ಯೆ. ಹೊತ್ತು ತಂದವನಿಗೆ ಒಂದು ಲೋಟ ಮಜ್ಜಿಗೆಯನ್ನೋ ಹತ್ತು ರೂಪಾಯಿಯನ್ನೋ ಮನಸಾರೆ ಕೊಡುವುದು ಮನೆಯವರ ಔದಾರ್ಯ. ಅದನ್ನು ಬಾಗಿಲಲ್ಲಿ ನಿಂತು ದರವಾಗಿ ಕೇಳುವ ಹಕ್ಕು ಮಾತ್ರ ಯಾರಿಗೂ ಇಲ್ಲ.