ಓದಲಾಗದ ಸಾಲಿಗೆ ಹೆಸರು ಕೊಡಬೇಡಿ

ಊರಲ್ಲಿರುವ ದೊಡ್ಡಮ್ಮ ಡಾಕ್ಟರ ಚೀಟಿಯ ಫೋಟೊ ವಾಟ್ಸಾಪಿಗೆ ಹಾಕಿ "ಏನು ಬರೆದಿದಾರೆ ನೋಡಿ ಹೇಳಪ್ಪ" ಅಂದಾಗ ನಾವು ಹೆಚ್ಚಿನವರು ಫೋಟೊ ದೊಡ್ಡದು ಮಾಡಿ ಮಾತ್ರೆಯ ಹೆಸರು ಹುಡುಕಲು ಶುರುಮಾಡುತ್ತೇವೆ. ಅದಕ್ಕೂ ಮೊದಲು ಫೋಟೊ ಓದುವಂತಿದೆಯೇ ನೋಡಬೇಕು. ಚೀಟಿಯ ಮಡಿಕೆಯ ಗೆರೆ ಅಂಕಿಯ ಮೇಲೆ ಹಾದರೆ 1 ಕೂಡ 7ರಂತೆ ಕಾಣುತ್ತದೆ. ಹಗಲು ಬೆಳಕಿನಲ್ಲಿ, ಮೇಜಿನ ಮೇಲೆ ಚೀಟಿ ಹರಡಿ, ಫ್ಲ್ಯಾಶ್ ಹಾಕದೆ ನಾಲ್ಕೂ ಮೂಲೆ ಕಾಣುವಂತೆ ಮತ್ತೊಮ್ಮೆ ತೆಗೆಯಲು ಹೇಳಿ. ಹಿಂಬದಿಯಲ್ಲಿ ಬರೆದಿದ್ದರೆ ಅದೂ ಬೇಕು. ವಾಟ್ಸಾಪ್ ಫೋಟೊವನ್ನು ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಕ್ಷರ ಮಸುಕಾಗುವುದಿಲ್ಲ.

ಶುಗರ್, ಬಿಪಿ ಎರಡೂ ಇರುವ ದೊಡ್ಡಮ್ಮನ ಚೀಟಿ ಎಂದುಕೊಳ್ಳಿ. ನಾಲ್ಕು ಸಾಲುಗಳಿವೆ. ಮೊದಲನೆಯದು ಮೆಟ್‌ಫಾರ್ಮಿನ್ 500, ಮುಂದೆ 1-0-1. ಇದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಲೆಕ್ಕ. ಎರಡನೆಯದು ಟೆಲ್ಮಿಸಾರ್ಟನ್ 40, ಮುಂದೆ ಓ.ಡಿ. ಎಂದರೆ ದಿನಕ್ಕೆ ಒಂದು ಸಲ. ಮೂರನೆಯದು ಪ್ಯಾಂಟೊಪ್ರಜೋಲ್ 40, 1-0-0, ಪಕ್ಕದಲ್ಲಿ ಎ.ಸಿ., ಊಟಕ್ಕೆ ಮುಂಚೆ ಎಂದು. ಬಿ.ಡಿ. ಇದ್ದರೆ ದಿನಕ್ಕೆ ಎರಡು ಸಲ, ಟಿ.ಡಿ.ಎಸ್. ಇದ್ದರೆ ಮೂರು ಸಲ, ಎಸ್.ಓ.ಎಸ್. ಇದ್ದರೆ ಬೇಕಾದಾಗ ಮಾತ್ರ. ನಾಲ್ಕನೆಯ ಸಾಲಿನಲ್ಲಿ 'ಗ್ಲಿ' ಎಂಬಷ್ಟು ಮಾತ್ರ ಕಾಣುತ್ತದೆ, ಆಮೇಲೆ ಗೀಚು. ಅಂಕಿ 1 ಇರಬಹುದು, 2 ಇರಬಹುದು. ಕೊನೆಯಲ್ಲಿ 1-0-0 ಮಾತ್ರ ಸ್ಪಷ್ಟ.

ಇಲ್ಲೇ ಎಡವುವುದು. ಶುಗರ್ ಇದೆ, 'ಗ್ಲಿ' ಎಂದಿದೆ, ಹಾಗಾದರೆ ಗ್ಲಿಮೆಪಿರೈಡ್ ಎಂದು ಮನಸ್ಸು ತಾನೇ ಸಾಲು ತುಂಬಿಕೊಳ್ಳುತ್ತದೆ. ಆದರೆ ಗ್ಲಿಕ್ಲಜೈಡ್ ಕೂಡ ಶುಗರ್ ಮಾತ್ರೆಯೇ, ಗ್ಲಿಪಿಜೈಡ್ ಕೂಡ. ಕಾಯಿಲೆ ಗೊತ್ತಿರುವುದರಿಂದ ಹೆಸರು ತೀರ್ಮಾನವಾಗುವುದಿಲ್ಲ. ಪ್ರಮಾಣವೂ ಹಾಗೆಯೇ. 1ರ ಬದಲು 2 ಹೋದರೆ ದುಪ್ಪಟ್ಟು. ಈ ಜಾತಿಯ ಮಾತ್ರೆ ಹೆಚ್ಚಾದರೆ ಶುಗರ್ ತೀರ ಇಳಿದು ಬೆವರು, ನಡುಕ, ಮಂಪರು ಬರುತ್ತವೆ. ವಯಸ್ಸಾದವರು ಒಂಟಿಯಾಗಿದ್ದರೆ ಅದು ಅಪಾಯ.

ಹಾಗಾಗಿ ಆ ಊಹೆಯ ಹೆಸರನ್ನು ದೊಡ್ಡಮ್ಮನ ಕಿವಿಗೆ ಹಾಕಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. "ಗ್ಲಿಮೆಪಿರೈಡ್ ಇರಬಹುದು ದೊಡ್ಡಮ್ಮ" ಎಂದರೆ ಸಂಜೆಯೊಳಗೆ 'ಇರಬಹುದು' ಮರೆತುಹೋಗಿ ಹೆಸರೊಂದೇ ಉಳಿಯುತ್ತದೆ, ಮೆಡಿಕಲ್ ಸ್ಟೋರಿನವರ ಮುಂದೆ ಅದೇ ಹೆಸರು ಹೊರಬೀಳುತ್ತದೆ. ಓದಿದ್ದು, ಓದಲಾಗದ್ದು ಬೇರೆಬೇರೆಯಾಗಿರಲಿ. ಮೊದಲು ಗೊತ್ತಿರುವುದನ್ನು ಹೊತ್ತಿನ ಲೆಕ್ಕದಲ್ಲಿ ಹೇಳಿ:

"ದೊಡ್ಡಮ್ಮ, ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ಗ್ಯಾಸಿನ ಮಾತ್ರೆ. ತಿಂಡಿ ಆದಮೇಲೆ ಶುಗರಿಂದು ಒಂದು, ರಾತ್ರಿ ಊಟ ಆದಮೇಲೆ ಅದೇ ಇನ್ನೊಂದು. ಬಿಪಿದು ದಿನಕ್ಕೆ ಒಂದೇ, ಮುಂಚೆ ತಗೋತಿದ್ದ ಹೊತ್ತಿಗೇ ತಗೊಳ್ಳಿ. ನಾಲ್ಕನೇ ಸಾಲು ನನಗೆ ಓದೋಕಾಗ್ತಿಲ್ಲ, ಹೆಸರೂ ಗೊತ್ತಾಗ್ತಿಲ್ಲ, ಎಷ್ಟು ಪವರ್ ಅಂತಾನೂ ಗೊತ್ತಾಗ್ತಿಲ್ಲ. ನಾನು ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳ್ತೀನಿ. ಅದೊಂದನ್ನ ನಾನು ಹೇಳೋವರೆಗೂ ತಗೋಬೇಡಿ. ಹಳೆಯ ಮಾತ್ರೆ ಯಾವುದನ್ನೂ ನೀವೇ ನಿಲ್ಲಿಸಬೇಡಿ."

ಮಾತ್ರೆ ಆಗಲೇ ತಂದಿದ್ದರೆ ಸ್ಟ್ರಿಪ್‌ಗಳ ಹಿಂಬದಿಯ ಫೋಟೊ ತರಿಸಿಕೊಳ್ಳಿ. ಕಂಪನಿ ಇಟ್ಟ ಹೆಸರಿನ ಜೊತೆಗೆ ನಿಜವಾದ ಔಷಧದ ಹೆಸರೂ ಮಿಲಿಗ್ರಾಮೂ ಅದರಲ್ಲಿರುತ್ತವೆ. ಆದರೆ ಸ್ಟ್ರಿಪ್ಪಿನಿಂದ ನಾಲ್ಕನೆಯ ಸಾಲು ಖಾತ್ರಿಯಾಯಿತು ಎಂದುಕೊಳ್ಳಬೇಡಿ, ಅಂಗಡಿಯವರು ಓದಿದ್ದೂ ಅದೇ ಗೀಚನ್ನೇ. ಚೀಟಿಯ ಮೇಲ್ಭಾಗದ ನಂಬರಿಗೆ ಫೋನ್ ಮಾಡಿ, ಹೆಸರು, ಮಿಲಿಗ್ರಾಮ್, ದಿನಕ್ಕೆ ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ, ಹಳೆಯ ಯಾವ ಮಾತ್ರೆಯ ಬದಲು ಎಂದು ಕೇಳಿ. ಕೇಳಿಸಿಕೊಂಡದ್ದನ್ನು ಅವರಿಗೇ ಒಮ್ಮೆ ಓದಿ ಹೇಳಿ. ಇದರಲ್ಲಿ ಸಂಕೋಚ ಬೇಡ. 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ತನ್ನ ನಿಯಮ ತಿದ್ದಿ, ಔಷಧದ ಜನರಿಕ್ ಹೆಸರನ್ನು ಓದುವಂತೆ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕು ಎಂದಿದೆ.

ಕೆಲವು ಮಾತ್ರೆಗಳಲ್ಲಿ ಹೆಸರು ಚೆನ್ನಾಗಿ ಓದಿದರೂ ಸಾಲದು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಅದರ ಮುಂದೆ 'ವಾರಕ್ಕೊಮ್ಮೆ' ಎಂದು, ಯಾವ ವಾರ ಎಂದು ಸ್ಪಷ್ಟವಾಗಿ ಕಾಣದಿದ್ದರೆ ಮೊದಲ ಮಾತ್ರೆಗೂ ಮುಂಚೆಯೇ ಡಾಕ್ಟರನ್ನು ಕೇಳಬೇಕು.